ಕೇಳಿದವನು ಕಿವಿ ಕೊಡಬೇಕು

ಈಚೆಗೆ ನಮ್ಮ ಬೀದರ ಕಡೆ ಪ್ರಶ್ನೆ ಕೇಳುವ ಒಂದು ಖಯಾಲಿ ಹತ್ತಿದೆ. ಮೊಬೈಲ್ ತೆರೆದರೆ ಸಾಕು, ಯಾರೋ ಏನೋ ಕೇಳುತ್ತಿರುತ್ತಾರೆ. ಬೀದರದ ಬಿರಿಯಾನಿ ರುಚಿಯೋ, ಹೈದರಾಬಾದಿನದು ರುಚಿಯೋ? ಭಾಲ್ಕಿ ಚಂದವೋ, ಔರಾದ ಚಂದವೋ? ಕೋಟೆ ನೋಡಿದ್ದೀರಾ, ಹೌದು ಅಥವಾ ಇಲ್ಲ ಒತ್ತಿರಿ. ಕೆಳಗೆ ಎರಡು ಬಟನ್ ಇರುತ್ತವೆ. ಒತ್ತಿದರೆ ಇಷ್ಟು ಪ್ರತಿಶತ, ಅಷ್ಟು ಪ್ರತಿಶತ ಎಂಬ ಅಂಕಿ ಕಾಣುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು. ಕೇಳಿದವನು ಮರಳಿ ಬರುವುದಿಲ್ಲ. ಬಂದರೂ ನಾಳೆ ಇನ್ನೊಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾನೆ. ಇದಕ್ಕೆ ಅವನು ಇಟ್ಟ ಹೆಸರು ಮಾತ್ರ ದೊಡ್ಡದು: ಫಾಲೋವರ್ಸ್ ಜೊತೆ ಮಾತುಕತೆ!

ಇದನ್ನು ಮಾತುಕತೆ ಎಂದು ನಾನು ಒಪ್ಪುವುದಿಲ್ಲ. ಹಾದಿಯಲ್ಲಿ ಹೋಗುವವರ ಮನೆಬಾಗಿಲು ಬಡಿದು, ಒಳಗಿನವರು ಎದ್ದು ಬರುವಷ್ಟರಲ್ಲಿ ಓಡಿಹೋಗುವ ಹುಡುಗಾಟಿಕೆ ಇದು. ಹುಡುಗರು ಮಾಡಿದರೆ ಬೈದು ಬಿಡಬಹುದು. ಆದರೆ ಊರಿನ ಸುದ್ದಿ ಕೊಡುತ್ತೇವೆ, ರೈತರಿಗೆ ಸಲಹೆ ಕೊಡುತ್ತೇವೆ, ಪರೀಕ್ಷೆಗೆ ಓದುವವರಿಗೆ ದಾರಿ ತೋರಿಸುತ್ತೇವೆ ಎಂದು ಹೇಳಿಕೊಳ್ಳುವ ಪುಟಗಳೂ ಇದನ್ನೇ ಮಾಡುತ್ತಿರುವಾಗ ಸುಮ್ಮನಿರುವುದು ಸರಿಯಲ್ಲ.

ಪೋಲ್, ಪ್ರಶ್ನೆಪೆಟ್ಟಿಗೆ, ಕಾಮೆಂಟಿನಲ್ಲಿ ಬರೆಯಿರಿ ಎಂಬ ಕರೆ, ಈ ಮೂರರ ಮೇಲೂ ನನಗೆ ದ್ವೇಷವಿಲ್ಲ. ಇನ್‌ಸ್ಟಾಗ್ರಾಮಿಗೆ ಪೋಲ್ ಬಂದದ್ದು 2017ರ ಅಕ್ಟೋಬರಿನಲ್ಲಿ, ಪ್ರಶ್ನೆಪೆಟ್ಟಿಗೆ ಬಂದದ್ದು 2018ರ ಜುಲೈಯಲ್ಲಿ. ವಾಟ್ಸಾಪಿಗೆ ಪೋಲ್ ಬಂದದ್ದು 2022ರ ನವೆಂಬರಿನಲ್ಲಿ. ಅವು ಒಳ್ಳೆಯ ಸಾಧನಗಳೇ. ಕುಡಗೋಲು ಒಳ್ಳೆಯದೇ, ಅದನ್ನು ಹಿಡಿದು ಹೊಲಕ್ಕೆ ಹೋಗುವ ಬದಲು ಓಣಿಯಲ್ಲಿ ತಿರುಗುವವನ ಬಗ್ಗೆ ನನ್ನ ತಕರಾರು.

ಈ ಚಾಳಿ ನಮ್ಮೂರಿನದಷ್ಟೇ ಅಲ್ಲ ಎಂಬುದಕ್ಕೆ ಒಂದು ಸಾಕ್ಷಿ ಇದೆ. 2017ರ ಡಿಸೆಂಬರಿನಲ್ಲಿ ಫೇಸ್‌ಬುಕ್ ಕಂಪನಿಯೇ ಒಂದು ಪ್ರಕಟಣೆ ಹೊರಡಿಸಿತು. ಓಟು ಹಾಕಿ, ಲೈಕ್ ಒತ್ತಿ, ಹಂಚಿ, ಗೆಳೆಯರ ಹೆಸರು ಸೇರಿಸಿ, ಕಾಮೆಂಟಿನಲ್ಲಿ ಹೌದು ಎಂದು ಬರೆಯಿರಿ ಎಂದು ಬರೀ ಎಣಿಕೆ ಹೆಚ್ಚಿಸುವುದಕ್ಕಾಗಿ ಗೋಗರೆಯುವ ಐದು ಬಗೆಯ ಬರಹಗಳನ್ನು ಹೆಸರಿಸಿ, ಅಂಥವನ್ನು ಜನರಿಗೆ ಕಡಿಮೆ ತೋರಿಸುತ್ತೇವೆ ಎಂದಿತು. ಗಾಳ ಮಾರುವ ಅಂಗಡಿಯವನೇ ಗಾಳದ ಬಗ್ಗೆ ಎಚ್ಚರಿಸಿದ ಹಾಗೆ. ಆದರೂ ನಮ್ಮವರು ಗಾಳ ಬಿಟ್ಟಿಲ್ಲ.

"ಏನಾತ್ರಿ ಕಾಕಾ, ಮಂದಿಗೆ ಒಂದೀಟು ಮಜಾ ಬರ್ತದ, ಬಿಡ್ರಿ" ಎಂದು ಹೇಳುವವರಿದ್ದಾರೆ. ಮಜಾ ಬರಲಿ, ಬೇಡವೆನ್ನುವುದಿಲ್ಲ. ಹಾನಿ ಬೇರೆ ಕಡೆ ಆಗುತ್ತದೆ. ಹತ್ತು ಸಲ ಉತ್ತರ ಕೊಟ್ಟು, ಹತ್ತು ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಕಂಡ ಮನುಷ್ಯ ಹನ್ನೊಂದನೆಯ ಸಲ ಬಾಯಿ ತೆರೆಯುವುದಿಲ್ಲ. ಆ ಹನ್ನೊಂದನೆಯ ಪ್ರಶ್ನೆ ನಿಜವಾಗಿ ಅವನ ಬದುಕಿಗೆ ಸಂಬಂಧಿಸಿದ್ದಿರಬಹುದು. ಪೊಳ್ಳು ಪ್ರಶ್ನೆ ಮುಂದಿನ ಗಟ್ಟಿ ಪ್ರಶ್ನೆಯ ಬಾಯಿ ಕಟ್ಟುತ್ತದೆ.

ಹಾಗಾದರೆ ಗಟ್ಟಿ ಪ್ರಶ್ನೆ ಹೇಗಿರುತ್ತದೆ? ಔರಾದ ತಾಲೂಕಿನ ಒಬ್ಬ ಹುಡುಗನ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ, ಅದನ್ನೇ ಹೇಳುತ್ತೇನೆ. ಅವನು ಬೇಸಾಯದ ವಿಷಯಕ್ಕೆ ಒಂದು ಪುಟ ನಡೆಸುತ್ತಾನೆ. ಓದುವವರು ಹೆಚ್ಚಾಗಿ ಔರಾದ, ಭಾಲ್ಕಿ ಕಡೆಯ ರೈತರ ಮಕ್ಕಳು, ಕೆಲವರು ಸ್ವತಃ ರೈತರು. ಒಂದು ಮುಂಗಾರಿಗೆ ಮೊದಲು ಅವನು ಪೋಲ್ ಹಾಕಿದ: ಈ ಸಲ ಏನು ಬಿತ್ತುತ್ತೀರಿ? ಸೋಯಾ, ತೊಗರಿ. ಎರಡೇ ಆಯ್ಕೆ. ಸೋಯಾಕ್ಕೆ ಹೆಚ್ಚು ಮಂದಿ ಒತ್ತಿದರು. ಹುಡುಗ ನನ್ನ ಹತ್ತಿರ ಬಂದು, "ಕಾಕಾ, ಮಂದಿ ಬರೀ ಬಟನ್ ಒತ್ತತಾರ್ರಿ, ಮಾತಾಡಂಗಿಲ್ಲ" ಎಂದ.

"ಮಾತಾಡ್ಲಿಕ್ಕೆ ನೀ ಜಾಗಾ ಎಲ್ಲಿ ಬಿಟ್ಟೀದಿ ತಮ್ಮಾ?" ಎಂದು ಕೇಳಿದೆ.

ಆ ಎರಡು ಆಯ್ಕೆಗಳನ್ನೇ ನೋಡಿರಿ. ನಮ್ಮ ಕಡೆ ಸೋಯಾ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವವರು ಎಷ್ಟೋ ಮಂದಿ. ಅವರು ಯಾವ ಬಟನ್ ಒತ್ತಬೇಕು? ಉದ್ದು, ಹೆಸರು ಬಿತ್ತುವವರಿದ್ದಾರೆ. ಇನ್ನೂ ನಿರ್ಧಾರ ಮಾಡದೆ ಮಳೆಯ ದಾರಿ ಕಾಯುವವರಿದ್ದಾರೆ. ಇವರೆಲ್ಲ ಒಂದೋ ಸುಳ್ಳು ಒತ್ತಬೇಕು, ಇಲ್ಲವೇ ಸುಮ್ಮನೆ ಮುಂದೆ ಹೋಗಬೇಕು. ಎರಡು ಆಯ್ಕೆ ಕೊಡುವವನು ತನಗೆ ಗೊತ್ತಿಲ್ಲದಂತೆಯೇ ಊರನ್ನು ಎರಡು ಪಾಲು ಮಾಡಿರುತ್ತಾನೆ. ಆದ್ದರಿಂದ ಪೋಲ್ ಹಾಕುವ ಮೊದಲು ಗೊತ್ತಿರುವ ನಾಲ್ಕೈದು ಮಂದಿಗೆ ಬಾಯಿಮಾತಿನಲ್ಲೇ ಆ ಪ್ರಶ್ನೆ ಕೇಳಿ ನೋಡಬೇಕು. ಅವರಲ್ಲಿ ಒಬ್ಬನಾದರೂ "ಎರಡೂ ಅಲ್ರಿ" ಅಂದರೆ ಆಯ್ಕೆಗಳು ಕೆಟ್ಟಿವೆ ಎಂದೇ ಅರ್ಥ. ಕಡೆಗೆ "ಬೇರೆ ಏನೋ, ಬರೆದು ತಿಳಿಸುವೆ" ಎಂಬ ಒಂದು ಬಾಗಿಲನ್ನಾದರೂ ಬಿಡಬೇಕು. ಅಲ್ಲಿಂದ ಬರುವವರೇ ಹೊಸ ವಿಷಯ ತರುವವರು.

ಇನ್ನು ಆ ಪ್ರತಿಶತದ ಮಾತು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಪುಟಕ್ಕೆ 2000 ಮಂದಿ ಫಾಲೋವರ್ಸ್. ಆ ದಿನದ ಸ್ಟೋರಿಯನ್ನು ನೋಡಿದವರು 400. ಬಟನ್ ಒತ್ತಿದವರು 80. ಅವರಲ್ಲಿ 56 ಮಂದಿ ಸೋಯಾ ಎಂದರು. ಪರದೆ ಮೇಲೆ 70 ಪ್ರತಿಶತ ಎಂದು ಕಾಣುತ್ತದೆ. ಮರುದಿನ "ಔರಾದಿನ 70 ಪ್ರತಿಶತ ರೈತರು ಸೋಯಾ ಕಡೆಗೆ" ಎಂದು ಡಂಗುರ. ಸ್ವಾಮಿ, ಆ 56 ಮಂದಿ ನಿಮ್ಮ 2000 ಫಾಲೋವರ್ಸ್‌ನಲ್ಲೇ ನೂರಕ್ಕೆ ಮೂವರೂ ಆಗಲಿಲ್ಲ. ತಾಲೂಕಿನ ಮಾತು ದೂರ ಉಳಿಯಿತು. ಮೊಬೈಲ್ ಇಲ್ಲದ ಮುದುಕ, ಗಂಡನ ಮೊಬೈಲ್ ಮುಟ್ಟದ ಹೆಣ್ಣುಮಗಳು, ಕೂಲಿಗೆ ಹೋಗಿ ರಾತ್ರಿ ಬಂದು ಮಲಗುವವನು, ಇವರು ಯಾರೂ ಆ ಲೆಕ್ಕದಲ್ಲಿಲ್ಲ.

ಹೆಚ್ಚು ಜನ ಒತ್ತಿದರೆ ಸರಿಹೋಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಸರಿಹೋಗುವುದಿಲ್ಲ. ಅಮೆರಿಕದಲ್ಲಿ 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಅಧ್ಯಕ್ಷರ ಚುನಾವಣೆಯ ಬಗ್ಗೆ ಸುಮಾರು ಒಂದು ಕೋಟಿ ಜನಕ್ಕೆ ಓಟಿನ ಚೀಟಿ ಕಳುಹಿಸಿತು. 23 ಲಕ್ಷಕ್ಕೂ ಹೆಚ್ಚು ಚೀಟಿಗಳು ಮರಳಿ ಬಂದವು. ಅದನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಗೆದ್ದು. ಪತ್ರಿಕೆ ವಿಳಾಸ ಆಯ್ದದ್ದು ಫೋನು, ಕಾರು ಇದ್ದವರ ಪಟ್ಟಿಗಳಿಂದ. ಅದರಲ್ಲೂ ಮನಸ್ಸಿದ್ದವರಷ್ಟೇ ಚೀಟಿ ಮರಳಿಸಿದರು. 23 ಲಕ್ಷವೇ ಆಗಲಿ, 56 ಆಗಲಿ, ತಾವಾಗಿ ಬಂದು ಒತ್ತಿದವರ ಎಣಿಕೆ ಊರಿನ ಅಭಿಪ್ರಾಯವಲ್ಲ.

ಹಾಗಾದರೆ ಪೋಲ್ ಯಾತಕ್ಕೆ? ಊರಿನ ಮನಸ್ಸು ಅಳೆಯುವುದಕ್ಕಲ್ಲ. ಯಾರ ಹತ್ತಿರ ಮಾತಾಡಬೇಕು ಎಂದು ಕಂಡುಕೊಳ್ಳುವುದಕ್ಕೆ. ಇನ್‌ಸ್ಟಾಗ್ರಾಮಿನ ಸ್ಟೋರಿಯಲ್ಲಿ ಪೋಲ್ ಹಾಕಿದವನಿಗೆ ಯಾರು ಯಾವುದಕ್ಕೆ ಒತ್ತಿದರು ಎಂಬ ಹೆಸರುಗಳು ಕಾಣುತ್ತವೆ. ಬಹಳ ಮಂದಿ ಪ್ರತಿಶತವನ್ನಷ್ಟೇ ನೋಡಿ ಹಿಗ್ಗುತ್ತಾರೆ, ಆ ಹೆಸರುಗಳ ಪಟ್ಟಿಯನ್ನು ತೆರೆಯುವುದೇ ಇಲ್ಲ. ಬಟನ್ ಒತ್ತುವುದೆಂದರೆ ದೂರದಿಂದ ತಲೆ ಅಲ್ಲಾಡಿಸಿದ ಹಾಗೆ. ತಲೆ ಅಲ್ಲಾಡಿಸಿದವನ ಹತ್ತಿರ ಹೋಗಿ ಮಾತಾಡಿಸಿದರೆ ತಾನೇ ಮಾತು?

ಆ ಹುಡುಗ ಮುಂದೆ ಮಾಡಿದ್ದು ಇದನ್ನೇ. ಸೋಯಾಕ್ಕೆ ಒತ್ತಿದವರಲ್ಲಿ ಕೆಲವರಿಗೆ, ತೊಗರಿಗೆ ಒತ್ತಿದವರಲ್ಲಿ ಕೆಲವರಿಗೆ ಒಬ್ಬೊಬ್ಬರಿಗೇ ಬರೆದ. "ಯಾಕೆ ಸೋಯಾ?" ಎಂದು ಕೇಳಲಿಲ್ಲ. ಯಾಕೆ ಎಂದರೆ ತಪಾಸಣೆ ಮಾಡಿದ ಹಾಗಾಗುತ್ತದೆ. ಮನುಷ್ಯ ಜವಾಬು ಕಟ್ಟತೊಡಗುತ್ತಾನೆ. "ಹೋದ ವರ್ಷ ಸೋಯಾ ರಾಶಿ ಆದ ಮ್ಯಾಲ ಆ ಹೊಲದಾಗ ಏನ್ ಬಿತ್ತಿದ್ರಿ?" ಎಂದು ಕೇಳಿದ. ನಡೆದುಹೋದ ಸಂಗತಿಯನ್ನು ಕೇಳಿದರೆ ಜನ ಸಲೀಸಾಗಿ ಹೇಳುತ್ತಾರೆ. ಅಭಿಪ್ರಾಯ ಹೇಳುವುದಕ್ಕೆ ಧೈರ್ಯ ಬೇಕು. ಹೊಲದಲ್ಲಿ ಏನಿತ್ತು ಎಂದು ಹೇಳುವುದಕ್ಕೆ ನೆನಪು ಸಾಕು.

ಆಗ ಮಾತು ಹೊರಟಿತು. ಸೋಯಾ ದಸರೆ ಆಸುಪಾಸಿಗೆ ಕೈಗೆ ಬರುತ್ತದೆ, ದೀಪಾವಳಿಗೆ ಮೊದಲು ರೊಕ್ಕ ಕಾಣುತ್ತದೆ, ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ ಹಾಕಬಹುದು ಎಂದು ಒಬ್ಬ. ತೊಗರಿ ಡಿಸೆಂಬರ್, ಜನವರಿ ತನಕ ಹೊಲದಲ್ಲಿ ನಿಂತಿರುತ್ತದೆ; ಸುತ್ತ ಎಲ್ಲರ ಸೋಯಾ ರಾಶಿಯಾಗಿ ನನ್ನದೊಂದೇ ಹಸಿರು ಉಳಿದರೆ ಹಂದಿ, ಜಿಂಕೆ ಎಲ್ಲ ಅಲ್ಲೇ ಬಂದು ಬೀಳುತ್ತವೆ, ರಾತ್ರಿ ಕಾಯುವವರು ಯಾರು ಎಂದು ಇನ್ನೊಬ್ಬ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುವ ನೆಟೆ ರೋಗದ ಭಯ ಮತ್ತೊಬ್ಬನಿಗೆ. ಒಬ್ಬ ಹೆಣ್ಣುಮಗಳು ಬರೆದಳಂತೆ: "ಏನ್ ಬಿತ್ತಬೇಕು ಅನ್ನೋದು ಅವರು ಹೇಳ್ತಾರ, ಕಳೆ ತೆಗಿಯೋದು ನಾವು. ನಮಗ ಯಾರು ಕೇಳ್ತಾರ್ರಿ?" ಪಾಲಿಗೆ ಮಾಡುವ ಒಬ್ಬ ರೈತ, ಬೆಳೆ ಯಾವುದೆಂದು ಹೊಲದ ಮಾಲಕರು ಹೇಳುತ್ತಾರೆ, ನನ್ನ ಕೈಯಲ್ಲಿ ಏನಿದೆ ಎಂದ.

ಈಗ ಆ 70 ಪ್ರತಿಶತವನ್ನು ಈ ಮಾತುಗಳ ಪಕ್ಕದಲ್ಲಿಟ್ಟು ನೋಡಿರಿ. ಅಂಕಿ ನೋಡಿದ್ದರೆ ಜನ ಸೋಯಾ ಇಷ್ಟಪಡುತ್ತಾರೆ ಎಂದು ತಿಳಿದು, ಹುಡುಗ ಸೋಯಾ ಬೀಜದ ಬಗ್ಗೆ ಇನ್ನಷ್ಟು ವಿಡಿಯೋ ಮಾಡುತ್ತಿದ್ದ. ಇಷ್ಟದ ಪ್ರಶ್ನೆಯೇ ಅಲ್ಲ ಅದು. ಒಬ್ಬನಿಗೆ ಹಬ್ಬದ ರೊಕ್ಕ, ಒಬ್ಬನಿಗೆ ಹಂದಿ, ಒಬ್ಬನಿಗೆ ಮಾಲಕ. ಹಂದಿಯ ಕಾಟ ಇದ್ದವನಿಗೆ ತೊಗರಿಯ ಹೊಸ ತಳಿ ಹೇಳಿ ಏನು ಉಪಯೋಗ? ಅವನಿಗೆ ಬೇಕಾದದ್ದು ಪಕ್ಕದ ನಾಲ್ಕು ಹೊಲದವರೂ ಜೊತೆಯಲ್ಲೇ ತೊಗರಿ ಹಾಕಿ ಸರದಿಯಲ್ಲಿ ಕಾಯುವ ಒಪ್ಪಂದ.

ಹುಡುಗ ಎರಡನೆಯ ಪೋಲ್ ಮಾಡಲು ಹೊರಟ. ಈ ಸಲ ಆಯ್ಕೆಗಳನ್ನು ತಾನು ಹುಟ್ಟಿಸಲಿಲ್ಲ, ಜನ ಹೇಳಿದ ಕಾರಣಗಳನ್ನೇ ಆಯ್ಕೆ ಮಾಡಿದ. ಇದು ಸರಿಯಾದ ಕ್ರಮ: ಮೊದಲು ಪೆಟ್ಟಿಗೆ ಇಟ್ಟು ಜನರ ಮಾತಿನಲ್ಲಿ ಕೇಳಬೇಕು, ಅದರಿಂದ ಆಯ್ಕೆ ತೆಗೆಯಬೇಕು, ಆಮೇಲೆ ಪೋಲ್. ನಮ್ಮವರು ಮಾಡುವುದು ಉಲ್ಟಾ. ವಾಟ್ಸಾಪಿನ ಪೋಲಿನಲ್ಲಿ 12 ಆಯ್ಕೆಗಳವರೆಗೆ ಕೊಡಬಹುದು ಎಂದು ಅವನು ಅದನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕೆಂದಿದ್ದ. ಆಯ್ಕೆಗಳಲ್ಲಿ "ಹೊಲದ ಮಾಲಕರು ಹೇಳಿದ್ದು" ಎಂಬುದೂ ಒಂದು.

ಅಲ್ಲಿ ಒಂದು ತೊಡಕು ಇತ್ತು. ವಾಟ್ಸಾಪ್ ಗುಂಪಿನ ಸಾಮಾನ್ಯ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂಬುದು ಗುಂಪಿನ ಎಲ್ಲರಿಗೂ ಕಾಣುತ್ತದೆ. ಹೊಲದ ಮಾಲಕ ಅದೇ ಗುಂಪಿನಲ್ಲಿದ್ದಾನೆ. ಅವನೆದುರು ಯಾವ ಪಾಲುದಾರ ಆ ಬಟನ್ ಒತ್ತುತ್ತಾನೆ? ಒತ್ತಿದರೆ ಮುಂದಿನ ವರ್ಷ ಹೊಲ ಸಿಗುವುದು ಕಷ್ಟ. ಯಾರೂ ಒತ್ತದೆ ಹೋದರೆ, "ನೋಡಿರಿ, ನಮ್ಮೂರಲ್ಲಿ ಈ ಸಮಸ್ಯೆಯೇ ಇಲ್ಲ" ಎಂದು ಸೊನ್ನೆಯನ್ನು ಸಾಕ್ಷಿ ಮಾಡಿಕೊಳ್ಳುತ್ತಾರೆ. ಹುಡುಗ ಆ ಒಂದು ಆಯ್ಕೆಯನ್ನು ಗುಂಪಿನ ಪೋಲಿನಿಂದ ತೆಗೆದ, ಪಾಲಿಗೆ ಮಾಡುವವರನ್ನು ಫೋನಿನಲ್ಲಿ ಬೇರೆಯಾಗಿ ಮಾತಾಡಿಸಿದ. ಬೆಂಗಳೂರಿನಂಥ ಊರಲ್ಲಿ ಹೆಸರು ಕಂಡರೂ ಯಾರೆಂದು ಗೊತ್ತಾಗಲಿಕ್ಕಿಲ್ಲ. ಔರಾದಿನಲ್ಲಿ ಹೆಸರು ಬೇಡ, ಮಾತಿನ ಧಾಟಿ ಸಾಕು, ಯಾರ ಮಗ ಎಂದು ಹೇಳುತ್ತಾರೆ.

ಪ್ರಶ್ನೆಪೆಟ್ಟಿಗೆಯ ಬಗ್ಗೆಯೂ ಇದೇ ಮಾತು ಹೇಳಬೇಕು. "ಏನು ಬೇಕಾದರೂ ಕೇಳಿ, ಗುಟ್ಟಾಗಿರುತ್ತದೆ" ಎಂದು ಬರೆಯುವವರನ್ನು ನೋಡಿದ್ದೇನೆ. ಇದು ಅರ್ಧ ಸುಳ್ಳು. ಇನ್‌ಸ್ಟಾಗ್ರಾಮಿನ ಪ್ರಶ್ನೆಪೆಟ್ಟಿಗೆಯಲ್ಲಿ ಬರೆದವರ ಹೆಸರು ಪುಟದ ಮಾಲೀಕನಿಗೆ ಕಾಣುತ್ತದೆ. ಅವನು ಆ ಪ್ರಶ್ನೆಯನ್ನು ಉತ್ತರದ ಜೊತೆ ಎಲ್ಲರಿಗೂ ತೋರಿಸಿದಾಗ ಮಾತ್ರ ಹೆಸರು ಹೋಗಿರುತ್ತದೆ. ಹೆಸರು ಹೋದರೆ ಸಾಕೇ? ಪರೀಕ್ಷೆಗೆ ಓದುವ ಒಬ್ಬ ಹುಡುಗಿ, "ನಮ್ಮ ಮನೆಯಲ್ಲಿ ಈ ವರ್ಷ ಮದುವೆ ಮಾಡುತ್ತೇವೆ ಎನ್ನುತ್ತಿದ್ದಾರೆ, ನಮ್ಮಪ್ಪ ಇಂಥ ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ, ನಾನು ಹೇಗೆ ಒಪ್ಪಿಸಲಿ?" ಎಂದು ಬರೆದರೆ, ಹಾಗೇ ತೋರಿಸುವುದು ಎಂದರೆ ಸಂಜೆಯೊಳಗೆ ಅವಳ ಅಪ್ಪನ ಕೈಗೆ ಕೊಟ್ಟ ಹಾಗೆ. ಆದ್ದರಿಂದ ಪೆಟ್ಟಿಗೆಯ ಮೇಲೆಯೇ ಬರೆಯಬೇಕು: ನಿಮ್ಮ ಹೆಸರು ನನಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ, ನಿಮ್ಮನ್ನು ಕೇಳದೆ ಏನನ್ನೂ ಹಾಕುವುದಿಲ್ಲ. ಊರು, ಅಂಗಡಿ, ಕಾಲೇಜು ತೆಗೆದು, ಪ್ರಶ್ನೆಯ ತಿರುಳನ್ನು ತನ್ನ ಮಾತಿನಲ್ಲಿ ಬರೆದು, ಅವಳಿಗೆ ತೋರಿಸಿ, ಹೂಂ ಎಂದ ಮೇಲೆ ಹಾಕಬೇಕು. ಇಷ್ಟು ತಾಳ್ಮೆ ಇಲ್ಲದವನು ಪೆಟ್ಟಿಗೆ ಇಡಬಾರದು.

ಕಾಮೆಂಟಿನಲ್ಲಿ ಬರೆಯಿರಿ ಎಂದು ಕರೆಯುವವರ ಸಂಗತಿ ಬೇರೆ. ಅಲ್ಲಿ ಎಲ್ಲವೂ ಬಯಲು, ಅದರಿಂದ ಅಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ನಮ್ಮದು ಗಡಿ ಜಿಲ್ಲೆ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಹಳೆಯ ಬೀದರ ಜಿಲ್ಲೆಯನ್ನು ಆಗ ಮೂರು ಕಡೆ ಹಂಚಿದರು. ಉದಗೀರ, ನಿಲಂಗಾ ಒಂದು ಕಡೆ ಹೋದವು, ಜಹೀರಾಬಾದ, ನಾರಾಯಣಖೇಡ ಇನ್ನೊಂದು ಕಡೆ. ಗೆರೆ ಎಳೆದರು, ಆದರೆ ನಾಲಿಗೆಗಳನ್ನು ಹಂಚಲಾಗಲಿಲ್ಲ. ಔರಾದಿನ ಒಂದು ಚಹಾ ಅಂಗಡಿಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಒಂದೇ ಕಪ್ಪಿನಲ್ಲಿ ಇರುತ್ತವೆ. ಅಂಥ ಕಡೆ "ತಮ್ಮ ಅಮೂಲ್ಯ ಅಭಿಪ್ರಾಯಗಳನ್ನು ಶುದ್ಧ ಕನ್ನಡದಲ್ಲಿ ವ್ಯಕ್ತಪಡಿಸಿ" ಎಂದು ಬರೆದರೆ ಯಾರು ಬರುತ್ತಾರೆ? ಕಾಗುಣಿತದ ಭಯವಿಲ್ಲದ ನಾಲ್ವರು ಮೇಷ್ಟ್ರುಗಳು ಬರುತ್ತಾರೆ. ಹೊಲದವನು ಬರುವುದಿಲ್ಲ.

ಕನ್ನಡದ ಅಭಿಮಾನಿಗಳು ಸಿಟ್ಟಾಗಬಾರದು. ಪ್ರಶ್ನೆ ಕನ್ನಡದಲ್ಲೇ ಇರಲಿ, ಅದೂ ನಮ್ಮ ಕಡೆಯ ಆಡುಮಾತಿನ ಕನ್ನಡದಲ್ಲಿ ಇರಲಿ. ಉತ್ತರ ಯಾವ ಮಾತಿನಲ್ಲಿ ಬಂದರೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ಬಂದರೂ, ತಿದ್ದದೆ ತೆಗೆದುಕೊಳ್ಳಬೇಕು. ಮರಾಠಿಯಲ್ಲಿ ಉತ್ತರ ಕೊಟ್ಟವನಿಗೆ ಕನ್ನಡದಲ್ಲಿ ಮರುಮಾತು ಹೇಳಿ ನೋಡಿರಿ. ಮೂರನೆಯ ಮಾತಿಗೆ ಅವನೂ ಕನ್ನಡಕ್ಕೆ ಬಂದರೆ ಬರಬಹುದು, ಬರದಿದ್ದರೆ ಮಾತಂತೂ ನಡೆದಿರುತ್ತದೆ. ಉತ್ತರಿಸಿದವನ ಕಾಗುಣಿತ ತಿದ್ದಿದ ಕ್ಷಣ ಅವನ ಹಿಂದೆ ಕಾಯುತ್ತಿದ್ದ ಹತ್ತು ಮಂದಿ ಮನೆಗೆ ಹೋಗುತ್ತಾರೆ.

ಇದಕ್ಕಿಂತ ಅಪಾಯದ್ದು ಗಡಿಯ ಹೆಸರಿನ ಪೋಲ್. "ಭಾಲ್ಕಿ, ಔರಾದ ಯಾರವು?" ಕೆಳಗೆ ಎರಡು ಬಟನ್. ಗಡಿ ತಂಟೆಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿದೆ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಗಿದೆ. ಅಲ್ಲಿ ತೀರದ ಮಾತನ್ನು 24 ಗಂಟೆಯ ಸ್ಟೋರಿಯಲ್ಲಿ ತೀರಿಸುತ್ತಾರಂತೆ! ಇಂಥ ಪೋಲಿಗೆ ಓಟು ಬರುವುದು ಎಲ್ಲಿಂದ? ಸ್ಕ್ರೀನ್‌ಶಾಟ್ ನೋಡಿ ಸಿಟ್ಟಿಗೆದ್ದ, ಈ ಊರುಗಳನ್ನು ಕಣ್ಣಿಂದ ಕಾಣದ ಮಂದಿಯಿಂದ. ಗುರುತಿಸುವುದು ಸುಲಭ: ಒತ್ತಿದವರ ಹೆಸರುಗಳನ್ನು ನೋಡಿರಿ, ನಿಮ್ಮ ಹಳೆಯ ಓದುಗರು ಅದರಲ್ಲಿ ಎಷ್ಟಿದ್ದಾರೆ? ಕಾಮೆಂಟುಗಳಲ್ಲಿ ಒಬ್ಬನಾದರೂ ಒಂದು ಓಣಿಯ, ಒಂದು ಶಾಲೆಯ, ಒಂದು ಸಂತೆಯ ಹೆಸರು ಹೇಳಿದ್ದಾನೆಯೇ? ಹೇಳಿಲ್ಲವೆಂದರೆ ಅದು ನಿಮ್ಮ ಊರಿನ ಮಾತಲ್ಲ, ಊರಿನ ಹೆಸರಿನಲ್ಲಿ ಹೊರಗಿನವರ ಜಗಳ. ಅದೇ ಔರಾದಿನ ಓದುಗರಿಗೆ, "ನಿಮ್ಮ ಮನೆಯಲ್ಲಿ ಅಜ್ಜಿ ಯಾವ ಮಾತಿನಲ್ಲಿ ಬೈಯುತ್ತಿದ್ದರು?" ಎಂದು ಕೇಳಿರಿ. ಕನ್ನಡದವರೂ ಬರೆಯುತ್ತಾರೆ, ಮರಾಠಿಯವರೂ ಬರೆಯುತ್ತಾರೆ, ಒಬ್ಬರ ಬೈಗುಳ ಇನ್ನೊಬ್ಬರಿಗೆ ಗೊತ್ತಿರುವುದು ಕಂಡು ನಗುತ್ತಾರೆ. ವಿಷಯ ಅದೇ, ಭಾಷೆ. ಒಂದು ಪ್ರಶ್ನೆ ನೆರೆಯವರನ್ನು ಎದುರು ನಿಲ್ಲಿಸುತ್ತದೆ, ಇನ್ನೊಂದು ಒಂದೇ ಕಟ್ಟೆಯ ಮೇಲೆ ಕೂರಿಸುತ್ತದೆ.

ಪ್ರಶ್ನೋತ್ತರ ನಮಗೆ ಹೊಸದೇನಲ್ಲ. ಸುಧಾ ವಾರಪತ್ರಿಕೆಯಲ್ಲಿ ಬೀchi ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಓದುಗ ಕಾರ್ಡು ಬರೆದು ಅಂಚೆಗೆ ಹಾಕಿ ವಾರಗಟ್ಟಲೆ ಕಾಯುತ್ತಿದ್ದ. ಕಾಯುವುದಕ್ಕೆ ಕಾರಣ, ಆ ಕಡೆ ಒಬ್ಬ ಮನುಷ್ಯ ಓದುತ್ತಾನೆ, ಉತ್ತರಿಸುತ್ತಾನೆ ಎಂಬ ನಂಬಿಕೆ. ಇನ್ನೂ ಹಿಂದೆ ಹೋದರೆ, ನಮ್ಮ ಜಿಲ್ಲೆಯದೇ ಆದ ಕಲ್ಯಾಣದ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆ ಇದೆ. ಅಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ಕೇಳುತ್ತಾನೆ, ಅವಳು ಉತ್ತರಿಸುತ್ತಾಳೆ, ಆ ಉತ್ತರದಿಂದಲೇ ಅವನ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಎರಡನೆಯ ಪ್ರಶ್ನೆ ಮೊದಲ ಉತ್ತರದಿಂದ ಹುಟ್ಟಿದರೆ ಅದು ಮಾತುಕತೆ. ಎರಡನೆಯ ಪ್ರಶ್ನೆಗೂ ಮೊದಲ ಉತ್ತರಕ್ಕೂ ಸಂಬಂಧವೇ ಇಲ್ಲದಿದ್ದರೆ, ಅದು ಬರೀ ಎಣಿಕೆ.

ಪುಟ ನಡೆಸುವವರಿಗೆ ನನ್ನದೊಂದು ಪರೀಕ್ಷೆ ಇದೆ. ಪ್ರಶ್ನೆ ಹಾಕುವ ಮೊದಲು ಒಂದು ಕಾಗದ ತೆಗೆದುಕೊಂಡು, ಹೌದು ಎಂದರೆ ಏನು ಮಾಡುತ್ತೇನೆ, ಇಲ್ಲ ಎಂದರೆ ಏನು ಮಾಡುತ್ತೇನೆ ಎಂದು ಬರೆಯಿರಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪ್ರಶ್ನೆ ಕೇಳಬೇಡಿರಿ. ಬಿರಿಯಾನಿಯ ಪ್ರಶ್ನೆ ಇಲ್ಲೇ ಬಿದ್ದುಹೋಗುತ್ತದೆ. ಕೇಳಿದ ಮೇಲೆ, ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ ಎಂದು ನೆನಪಿಟ್ಟು, ಬಂದ ಮಾತುಗಳನ್ನು ಅಂದೇ ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಎರಡು ಮೂರು ದಿನದೊಳಗೆ ಮರಳಿ ಬಂದು, ನೀವು ಹೀಗೆ ಹೇಳಿದಿರಿ, ಇದು ನನಗೆ ಗೊತ್ತಿರಲಿಲ್ಲ, ಇದಕ್ಕೆ ನಾನು ಹೀಗೆ ಮಾಡಿದೆ, ಇದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿರಿ. ಆಗುವುದಿಲ್ಲ ಎಂದು ಹೇಳುವುದೂ ಉತ್ತರವೇ. ಎಷ್ಟು ಮಂದಿಗೆ ಮರುಮಾತು ಹೇಳುವ ಶಕ್ತಿ ಇದೆಯೋ ಅಷ್ಟು ಮಂದಿಯನ್ನೇ ಕೇಳಿರಿ. ದಿನಕ್ಕೊಂದು ಪೋಲ್ ಹಾಕುವುದರ ಬದಲು ತಿಂಗಳಿಗೆ ಒಂದು ಹಾಕಿ ಅದರ ಬೆನ್ನು ಹತ್ತಿದರೆ ಸಾಕು.

"ಹಂಗ ಮಾಡಿದರ ಪುಟ ಬೆಳಿಯಂಗಿಲ್ಲ ಕಾಕಾ, ದಿನಾ ಏನಾರ ಹಾಕ್ತಿರಬೇಕು" ಎಂದು ಹುಡುಗರು ಹೇಳುತ್ತಾರೆ. ಇರಬಹುದು. ಎಣಿಕೆ ಬೆಳೆಯಬೇಕು ಎಂದರೆ ಬಿರಿಯಾನಿಯನ್ನೇ ಕೇಳುತ್ತಿರಲಿ, ನನ್ನ ಅಡ್ಡಿಯಿಲ್ಲ. ಆದರೆ ಅದಕ್ಕೆ ಮಾತುಕತೆ ಎಂಬ ಹೆಸರು ಬೇಡ. ಪಾಲಿಗೆ ಮಾಡುವ ರೈತ, ಕಳೆ ತೆಗೆಯುವ ಹೆಣ್ಣುಮಗಳು ಇವರ ಬಾಯಿಯಿಂದ ಒಂದು ಮಾತು ಹೊರಡುವುದು ಸುಲಭವಲ್ಲ. ಅವರು "ನಮಗ ಯಾರು ಕೇಳ್ತಾರ್ರಿ?" ಎಂದಾಗ ಅದು ಪುಟ ನಡೆಸುವವನಿಗೆ ಹಾಕಿದ ಪ್ರಶ್ನೆ. ಅದಕ್ಕೆ ಪೋಲಿನಲ್ಲಿ ಬಟನ್ ಇಲ್ಲ. ಕುಳಿತು ಜವಾಬು ಬರೆಯಬೇಕು.